ತಣಿಸಿದ ಅನ್ನ ತಿಂದರೆ ಶುಗರ್ ಏರೋದಿಲ್ವಾ?

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇದೆ. ಅನ್ನ ರಾತ್ರಿ ಫ್ರಿಜ್‌ನಲ್ಲಿಟ್ಟು ಮಾರನೇ ದಿನ ತಿಂದರೆ ಶುಗರ್ ಏರೋದೇ ಇಲ್ಲ ಅಂತಾರೆ. ನಿಜಾನಾ? ಬಿಸಿ ಮಾಡಿದರೆ ಲಾಭ ಹೋಗುತ್ತಾ? ಆಲೂಗಡ್ಡೆಗೂ ಇದೇ ಲೆಕ್ಕಾನಾ?

ಉತ್ತರ: ಏರುತ್ತದೆ. ಬಿಸಿ ಅನ್ನ ತಿಂದಾಗಿನಷ್ಟು ಏರದಿರಬಹುದು, ಅಷ್ಟೇ.

ಅಕ್ಕಿ ಬೇಯುವಾಗ ಅದರ ಪಿಷ್ಟ ನೀರು ಹೀರಿ ಸಡಿಲವಾಗುತ್ತದೆ. ಹಾಗಾಗಿ ಬಿಸಿ ಅನ್ನ ಬೇಗ ಅರಗುತ್ತದೆ. ತಣ್ಣಗಾದಂತೆ ಪಿಷ್ಟದ ಎಳೆಗಳು ಮತ್ತೆ ಒತ್ತೊತ್ತಾಗಿ ಬಿಗಿದುಕೊಳ್ಳುತ್ತವೆ. ಫ್ರಿಜ್‌ನಿಂದ ತೆಗೆದ ಅನ್ನ ಗಟ್ಟಿಯಾಗಿ ಉದುರುದುರಾಗಿರುತ್ತದೆ ಅಲ್ವಾ, ಅದಕ್ಕೆ ಇದೇ ಕಾರಣ. ಹೀಗೆ ಬಿಗಿದ ಪಿಷ್ಟದಲ್ಲಿ ಒಂದು ಪಾಲು ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗೆ ಹೋಗುತ್ತದೆ. ಅದೇ ರೆಸಿಸ್ಟೆಂಟ್ ಸ್ಟಾರ್ಚ್.

ಬಿಸಿ ಮಾಡಿದರೆ ಅನ್ನ ಮತ್ತೆ ಮೆತ್ತಗಾಗುತ್ತದೆ. ಆದರೆ ಬಿಚ್ಚಿಕೊಳ್ಳುವುದು ಹೆಚ್ಚಾಗಿ ಕವಲೊಡೆದ ಎಳೆಗಳು ಮಾತ್ರ. ಅಮೈಲೋಸ್ ಎಂಬ ನೇರ ಎಳೆಗಳ ಬಿಗಿತ ಬಿಡಿಸಲು ಕುದಿಯುವ ನೀರಿನ ಬಿಸಿಯೂ ಸಾಲದು. ಆದ್ದರಿಂದ ಲಾಭ ಪೂರ್ತಿ ಹೋಗುವುದಿಲ್ಲ. ಬೆಂದಾಗ ಅಂಟಂಟಾಗುವ ಅಕ್ಕಿಯಲ್ಲಿ ಅಮೈಲೋಸ್ ಕಡಿಮೆ, ಅದನ್ನು ತಣಿಸಿ ಹೆಚ್ಚು ಪ್ರಯೋಜನವಿಲ್ಲ.

ಈಗ ಲೆಕ್ಕಕ್ಕೆ ಬರೋಣ. 2015ರಲ್ಲಿ ಪ್ರಕಟವಾದ ಇಂಡೋನೇಷ್ಯಾದ ಅಧ್ಯಯನವೊಂದರಲ್ಲಿ 100 ಗ್ರಾಂ ಬಿಸಿ ಅನ್ನದಲ್ಲಿ ಇಂಥ ಪಿಷ್ಟ 0.64 ಗ್ರಾಂ ಇತ್ತು. 24 ಗಂಟೆ ಫ್ರಿಜ್‌ನಲ್ಲಿಟ್ಟು ಬಿಸಿ ಮಾಡಿದ ಅನ್ನದಲ್ಲಿ 1.65 ಗ್ರಾಂ. ಅಂದರೆ 200 ಗ್ರಾಂ ಅನ್ನ ಉಂಡರೆ ಸುಮಾರು 2 ಗ್ರಾಂ ವ್ಯತ್ಯಾಸ. ಆ ಅನ್ನದಲ್ಲಿ ಕಾರ್ಬೋಹೈಡ್ರೇಟ್ ಇರುವುದು ಸುಮಾರು 56 ಗ್ರಾಂ! ಎರಡು ಗ್ರಾಂ ಅಂದರೆ ಒಂದು ಸಣ್ಣ ತುತ್ತಿಗೂ ಕಡಿಮೆ. ಆದರೂ ತಿಂದವರ ರಕ್ತದ ಸಕ್ಕರೆಯ ಒಟ್ಟು ಏರಿಕೆ ಸುಮಾರು 18% ಕಡಿಮೆಯಿತ್ತು. ಉಳಿದ ಪಿಷ್ಟವೂ ನಿಧಾನವಾಗಿ ಅರಗಿರಬೇಕು ಎನ್ನುವುದು ನನ್ನ ಊಹೆ. ಅವರು ಬರೀ 15 ಮಂದಿ, ಅದೂ ಆರೋಗ್ಯವಂತರು ಅನ್ನೋದು ನೆನಪಿರಲಿ.

ಆಲೂಗಡ್ಡೆಯಲ್ಲೂ ಹೀಗೇ ಆಗುತ್ತದೆ. ಬೇಯಿಸಿ ತಣಿಸಿದ್ದನ್ನು ತಣ್ಣಗೇ ತಿಂದರೆ ಲಾಭ ಜಾಸ್ತಿ, ಮತ್ತೆ ಬಿಸಿ ಮಾಡಿದರೆ ಸ್ವಲ್ಪ ಇಳಿಯುತ್ತದೆ.

ನಿಮಗೆ ಎಷ್ಟು ಉಪಯೋಗ ಅಂತ ಗ್ಲುಕೋಮೀಟರ್ ಹೇಳುತ್ತದೆ. ಒಂದೇ ಪಾತ್ರೆಯ ಬಿಸಿ ಅನ್ನವನ್ನು ಎರಡು ಸಮ ಪಾಲಾಗಿ ತೂಗಿಡಿ. ತಣಿಸಿದ ಮೇಲೆ ತೂಗಬೇಡಿ, ನೀರಿನಂಶ ಆರಿ ಲೆಕ್ಕ ತಪ್ಪುತ್ತದೆ. ಒಂದು ಪಾಲು ಇವತ್ತು, ಇನ್ನೊಂದು ನಾಳೆ ಅದೇ ಹೊತ್ತಿಗೆ, ಅದೇ ಪಲ್ಯದ ಜೊತೆ. ಎರಡೂ ದಿನ ಊಟಕ್ಕೆ ಮುಂಚೆ, ಮೊದಲ ತುತ್ತಿನಿಂದ ಒಂದು ಗಂಟೆಗೆ, ಎರಡು ಗಂಟೆಗೆ ನೋಡಿ. ಇನ್ಸುಲಿನ್ ತಗೊಳ್ತಿದ್ದರೆ ಮೊದಲು ವೈದ್ಯರನ್ನು ಕೇಳಿ. ಟೈಪ್ 1 ಇರುವವರು ಅದೇ ಡೋಸ್‌ಗೆ ತಣಿಸಿದ ಅನ್ನ ಉಂಡಾಗ ಶುಗರ್ ತೀರಾ ಇಳಿದದ್ದೂ ಉಂಟು.

ಇನ್ನೊಂದು ಮಾತು. ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಡಬೇಡಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದು ವಿಷ ಬಿಡುತ್ತದೆ, ಆ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಮಾರನೇ ದಿನವೇ ಖಾಲಿ ಮಾಡಿ.