ಜಾಯಿಂಟ್ ಬ್ಯಾಲೆನ್ಸ್ ಆದರೆ ಸಾಲದು

"ಮೇಡಂ, ಡಿಪ್ಲೊಮಾ ಓದುವವರಿಗಾಗಿ ಅಡ್ಡ ಲೋಡಿಗೆ ಫ್ರೇಮನ್ನು ಅಂದಾಜಾಗಿ ಲೆಕ್ಕ ಹಾಕುವ ಪೋರ್ಟಲ್ ಮೆಥಡ್ ಬಗ್ಗೆ ಲೇಖನ ಬರೆದಿದ್ದೇನೆ. ಎರಡು ಅಂತಸ್ತು, ಮೂರು ಕಾಲಂಗಳ ನಡುವೆ ಎರಡು ಬೇ ಇರುವ ಫ್ರೇಮಿನ ಲೆಕ್ಕ ಕೊಟ್ಟಿದ್ದೇನೆ. ತಾರಸಿ ಮಟ್ಟದಲ್ಲಿ 24, ಮೊದಲ ಮಹಡಿ ಮಟ್ಟದಲ್ಲಿ 36 ಕಿಲೋನ್ಯೂಟನ್ ಗಾಳಿ ಲೋಡ್. ಎಲ್ಲ ಜಾಯಿಂಟುಗಳೂ ಬ್ಯಾಲೆನ್ಸ್ ಆಗಿವೆ. ಪ್ರಕಟಿಸಬಹುದಾ? ಮುಚ್ಚುಮರೆ ಇಲ್ಲದೆ ಹೇಳಿ."

ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಭಾಷೆ ಚೆನ್ನಾಗಿದೆ, ಚಿತ್ರಗಳೂ ಸ್ಪಷ್ಟವಾಗಿವೆ. ಆದರೆ ಕೆಳ ಅಂತಸ್ತಿನ ಲೆಕ್ಕ ತಪ್ಪಾಗಿದೆ. ಆ ತಪ್ಪು ಜಾಯಿಂಟಿನ ಮೊಮೆಂಟ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವಂಥದ್ದಲ್ಲ, ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ಮೇಲಂತಸ್ತು ಸರಿಯಾಗಿದೆ. 24 ಕಿಲೋನ್ಯೂಟನ್ ಅನ್ನು ಮೂರು ಕಾಲಂಗಳಿಗೆ 6, 12, 6 ಎಂದು ಹಂಚಿದ್ದೀರಿ. ಕೆಳ ಅಂತಸ್ತಿಗೆ ಬಂದಾಗ 36 ಅನ್ನು ಮಾತ್ರ ತೆಗೆದುಕೊಂಡು 9, 18, 9 ಮಾಡಿದ್ದೀರಿ. ತಾರಸಿಯನ್ನು ತಳ್ಳಿದ ಗಾಳಿ ಎಲ್ಲಿಗೆ ಹೋಯಿತು? ಅದೂ ಇದೇ ಕಾಲಂಗಳ ಮೂಲಕ ನೆಲ ಮುಟ್ಟಬೇಕು, ಅಲ್ವಾ? ಒಂದು ಅಂತಸ್ತಿನ ಶಿಯರ್ ಎಂದರೆ ಆ ಅಂತಸ್ತನ್ನು ಅಡ್ಡಕ್ಕೆ ಕತ್ತರಿಸಿದಾಗ, ಕತ್ತರಿಸಿದ ಗೆರೆಯ ಮೇಲಿರುವ ಎಲ್ಲ ಲೋಡುಗಳ ಮೊತ್ತ. ಹಾಗಾಗಿ ಕೆಳಗೆ 60 ಬರಬೇಕು. ಹಂಚಿದರೆ 15, 30, 15.

ಇನ್ನು ನಿಮ್ಮ ಜಾಯಿಂಟುಗಳು ಹೇಗೆ ಬ್ಯಾಲೆನ್ಸ್ ಆದವು ಎಂಬ ಪ್ರಶ್ನೆ. ಈ ವಿಧಾನದಲ್ಲಿ ಬೀಮಿನ ಮೊಮೆಂಟನ್ನು ಕಂಡುಹಿಡಿಯುವುದೇ ಕಾಲಂ ಮೊಮೆಂಟುಗಳನ್ನು ಕೂಡಿಸಿ. ಹೊರಗಿನ ಜಾಯಿಂಟಿನಲ್ಲಿ ಮೇಲಿನ ಕಾಲಂನಿಂದ 9, ಕೆಳಗಿನದರಿಂದ 18 ಬಂದವು, ಬೀಮಿಗೆ 27 ಬರೆದಿರಿ. ಕಾಲಂನಲ್ಲಿ ಯಾವ ಸಂಖ್ಯೆ ಇಟ್ಟರೂ ಬೀಮ್ ಅದಕ್ಕೆ ಹೊಂದಿಕೊಳ್ಳುತ್ತದೆ. ಅಂದರೆ ನೀವೇ ಹೊಂದಿಸಿದ್ದನ್ನು ನೀವೇ ಮತ್ತೆ ನೋಡಿದ್ದೀರಿ. ಅದು ಪರೀಕ್ಷೆ ಆಗಲಿಲ್ಲ.

ಇಡೀ ಫ್ರೇಮನ್ನು ಒಂದೇ ತುಂಡಾಗಿ ನೋಡಿ. ಗಾಳಿ ಅದನ್ನು ಬುಡದ ಸುತ್ತ ಉರುಳಿಸಲು ನೋಡುತ್ತದೆ. ನಿಮ್ಮ ಕೆಳ ಅಂತಸ್ತಿನ ಎತ್ತರ 4 ಮೀಟರ್, ಮೇಲಿನದು 3. ತಾರಸಿಯ 24 ಇರುವುದು ನೆಲದಿಂದ 7 ಮೀಟರ್ ಎತ್ತರದಲ್ಲಿ, 36 ಇರುವುದು 4 ಮೀಟರ್ ಎತ್ತರದಲ್ಲಿ. ಉರುಳಿಸುವ ಮೊಮೆಂಟ್ 168 ಮತ್ತು 144 ಸೇರಿ 312 ಕಿಲೋನ್ಯೂಟನ್-ಮೀಟರ್. ಇದನ್ನು ತಡೆಯಲು ಎರಡೇ ದಾರಿ ಇವೆ. ಒಂದು, ಕಾಲಂ ಬುಡದ ಮೊಮೆಂಟುಗಳು. ಇನ್ನೊಂದು, ಗಾಳಿ ಕಡೆಯ ಕಾಲಂ ಮೇಲಕ್ಕೆ ಎಳೆಸಿಕೊಂಡು ಆಚೆ ಕಡೆಯ ಕಾಲಂ ಒತ್ತಿಸಿಕೊಂಡು ಆಗುವ ಜೋಡಿ. ನಿಮ್ಮ ಲೆಕ್ಕದಲ್ಲಿ ಬುಡದ ಮೊಮೆಂಟುಗಳು 18, 36, 18, ಒಟ್ಟು 72. ಹೊರ ಕಾಲಂನ ಎಳೆತ ಅಥವಾ ಒತ್ತಡ, ಅಂದರೆ ಆಕ್ಸಿಯಲ್ ಬಲ 14.4, ಎರಡು ಹೊರ ಕಾಲಂಗಳ ನಡುವಿನ ದೂರ 10 ಮೀಟರ್, ಹಾಗಾಗಿ 144. ಕೂಡಿಸಿದರೆ 216. ಕಡಿಮೆ ಬಿದ್ದದ್ದು 96. ಈ 96 ಏನು ಗೊತ್ತಾ? 24 ಕಿಲೋನ್ಯೂಟನ್ ಗುಣಿಸು 4 ಮೀಟರ್. ನೀವು ಮರೆತ ಲೋಡು, ಅದನ್ನು ಮರೆತ ಅಂತಸ್ತಿನ ಎತ್ತರ, ಎರಡೂ ಅದರಲ್ಲೇ ಕಾಣುತ್ತವೆ.

ಈಗ ಸರಿಯಾದ ಸಂಖ್ಯೆಗಳನ್ನು ಇಟ್ಟು ನೋಡಿ. ಪ್ರತಿ ಕಾಲಂನ ಅರ್ಧ ಎತ್ತರದಲ್ಲಿ ಮೊಮೆಂಟ್ ಸೊನ್ನೆ ಎಂದುಕೊಂಡಿದ್ದೇವೆ, ಹಾಗಾಗಿ ಕೆಳಗಿನ ಹೊರ ಕಾಲಂನಲ್ಲಿ 15 ಗುಣಿಸು 2, ಅಂದರೆ 30. ನಡುವಿನ ಕಾಲಂನಲ್ಲಿ 60. ಮೊದಲ ಮಹಡಿಯ ಬೀಮಿನ ತುದಿಯಲ್ಲಿ 9 ಮತ್ತು 30 ಸೇರಿ 39. ಬೀಮಿನ ಅರ್ಧ ಉದ್ದ 2.5 ಮೀಟರ್, ಆದ್ದರಿಂದ ಅದರ ಶಿಯರ್ 15.6. ತಾರಸಿ ಬೀಮಿನ ಶಿಯರ್ 3.6. ಎರಡೂ ಸೇರಿ ಹೊರ ಕಾಲಂನ ಬುಡದಲ್ಲಿ ಆಕ್ಸಿಯಲ್ ಬಲ 19.2. ಬುಡದ ಮೊಮೆಂಟುಗಳು 120, ಆಕ್ಸಿಯಲ್ ಜೋಡಿ 192, ಒಟ್ಟು 312. ನೀವು ಬೀಮಿಗೆ ಕೊಟ್ಟಿದ್ದ 27 ಎಲ್ಲಿ, ಈ 39 ಎಲ್ಲಿ! ಓದುಗರೊಬ್ಬರು ಆ 27 ನಂಬಿ ಕಬ್ಬಿಣ ಲೆಕ್ಕ ಹಾಕಿದರೆ ಎಂಬ ಯೋಚನೆಯೇ ನನಗೆ ಕಷ್ಟವಾಗುತ್ತದೆ.

ಎರಡನೆಯ ಮಾತು. ಊಹೆಗಳನ್ನು ನೀವು ಬಾಯಿಪಾಠದ ಪಟ್ಟಿಯ ಹಾಗೆ ಕೊಟ್ಟಿದ್ದೀರಿ. ನಡುವಿನ ಕಾಲಂ ಯಾಕೆ ಎರಡು ಪಟ್ಟು ಶಿಯರ್ ಹೊರುತ್ತದೆ ಎಂದು ಎಲ್ಲೂ ಹೇಳಿಲ್ಲ. ಹೆಸರಲ್ಲೇ ಉತ್ತರ ಇದೆ. ಒಂದೊಂದು ಬೇಯನ್ನೂ ಎರಡು ಕಾಲಿನ ಬೇರೆ ಬೇರೆ ಬಾಗಿಲು ಚೌಕಟ್ಟು ಎಂದುಕೊಳ್ಳಿ. ಅವನ್ನು ಪಕ್ಕಪಕ್ಕ ಇಟ್ಟರೆ ನಡುವೆ ಎರಡು ಕಾಲುಗಳು ಒಟ್ಟಿಗೆ ನಿಲ್ಲುತ್ತವೆ. ಅವೆರಡೂ ಸೇರಿದ್ದೇ ನಡುವಿನ ಕಾಲಂ. ನಿಮ್ಮ ಲೆಕ್ಕದಲ್ಲಿ ಆ ಕಾಲಂನ ಆಕ್ಸಿಯಲ್ ಬಲ ಸೊನ್ನೆ ಬಂದದ್ದೂ ಇದಕ್ಕೇ. ಒಂದು ಚೌಕಟ್ಟು ಅದನ್ನು ಒತ್ತುತ್ತದೆ, ಪಕ್ಕದ್ದು ಅಷ್ಟೇ ಎಳೆಯುತ್ತದೆ. ಬೇ ಅಗಲಗಳು ಬೇರೆ ಬೇರೆ ಇದ್ದರೆ ಸೊನ್ನೆ ಬರುವುದಿಲ್ಲ. ಇದನ್ನು ಒಂದು ಚಿತ್ರದಲ್ಲಿ ತೋರಿಸಿ, ಆ ಪಟ್ಟಿಯನ್ನು ತೆಗೆದುಬಿಡಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. 312 ಬಂತು ಎಂದ ಮಾತ್ರಕ್ಕೆ ಉತ್ತರ ನಿಜವಾದ ಕಟ್ಟಡಕ್ಕೆ ಹತ್ತಿರ ಇದೆ ಎಂದಲ್ಲ. ಕೆಳ ಅಂತಸ್ತಿನ ಕಾಲಂ ಬುಡ ಫುಟಿಂಗಿನಲ್ಲಿ ಗಟ್ಟಿಯಾಗಿ ಹಿಡಿದಿರುತ್ತದೆ ಎಂದುಕೊಳ್ಳೋಣ. ಮೇಲಿನ ಜಾಯಿಂಟ್ ಹಾಗಲ್ಲ, ಬೀಮು ಬಾಗಿದಷ್ಟು ಅದೂ ತಿರುಗುತ್ತದೆ. ಹಾಗಾಗಿ ಮೊಮೆಂಟ್ ಸೊನ್ನೆ ಆಗುವ ಇನ್‌ಫ್ಲೆಕ್ಷನ್ ಪಾಯಿಂಟ್ ನಟ್ಟನಡುವೆ ಉಳಿಯದೆ ಮೇಲಕ್ಕೆ ಸರಿಯುತ್ತದೆ. ಬುಡದಿಂದ 2.4 ಮೀಟರಿನಲ್ಲಿ ಇದೆ ಎಂದಿಟ್ಟುಕೊಂಡರೆ ಹೊರ ಕಾಲಂ ಬುಡದ ಮೊಮೆಂಟ್ 30ರ ಬದಲು 36 ಆಗುತ್ತದೆ, ಬೀಮಿನದು 39ರಿಂದ 33ಕ್ಕೆ ಇಳಿಯುತ್ತದೆ. ಇನ್ನೊಂದು ತುದಿಯ ಸಂದರ್ಭ ನೋಡಿ. ಬುಡ ಸ್ವಲ್ಪವೂ ಹಿಡಿಯದೆ ಕೀಲಿನ ಹಾಗೆ ತಿರುಗಿದರೆ ಬುಡದಲ್ಲಿ ಮೊಮೆಂಟ್ ಸೊನ್ನೆ. ಕಾಲಂ ತಲೆಯಲ್ಲಿ 15 ಗುಣಿಸು 4, ಅಂದರೆ 60, ಬೀಮಿಗೆ 69! ಈ ಮೂರು ಸಂದರ್ಭಗಳಲ್ಲೂ ಬುಡದ ಲೆಕ್ಕ ಹಾಕಿದರೆ 312 ಬರುತ್ತದೆ. ಕೂತು ಮಾಡಿ ನೋಡಿ. ಈ ಪರೀಕ್ಷೆ ಕೂಡು-ಕಳೆಯುವ ತಪ್ಪನ್ನು ಹಿಡಿಯುತ್ತದೆ, ಊಹೆಯ ತಪ್ಪನ್ನಲ್ಲ. ಊಹೆ ಸರಿಯೇ ಎಂದು ತಿಳಿಯಲು ಫುಟಿಂಗ್ ಎಂಥದ್ದು, ಕೆಳಗಿನ ಮಣ್ಣು ಎಂಥದ್ದು, ಪ್ಲಿಂತ್ ಬೀಮ್ ಇದೆಯೇ ಎಂದು ಕೇಳಬೇಕು.

"ಈ ವಿಧಾನ ಎಲ್ಲ ಕಟ್ಟಡಗಳಿಗೂ ಆಗುತ್ತದೆ" ಎಂಬ ನಿಮ್ಮ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ಲಿಫ್ಟಿನ ಸುತ್ತ ಕಾಂಕ್ರೀಟ್ ಗೋಡೆ ಇದ್ದರೆ ಗಾಳಿಯ ಬಹುಪಾಲು ಅದಕ್ಕೇ ಹೋಗುತ್ತದೆ, 1:2:1 ಹಂಚಿಕೆಗೆ ಅರ್ಥವೇ ಇರುವುದಿಲ್ಲ. ತೀರಾ ಎತ್ತರದ, ಸಪೂರ ಕಟ್ಟಡದಲ್ಲಿ ಕಾಲಂಗಳು ಉದ್ದ-ಗಿಡ್ಡ ಆಗುವುದರ ಪ್ರಭಾವ ಜಾಸ್ತಿ. ಪೋರ್ಟಲ್ ಮೆಥಡ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನು ಕೆಳಗೆ ಪಾರ್ಕಿಂಗ್ ಬಿಟ್ಟು ಮೇಲೆ ಇಟ್ಟಿಗೆ ಗೋಡೆ ತುಂಬಿದ ಮನೆಗಳು. ಅಲ್ಲಿ ಗೋಡೆ ತುಂಬಿದ ಮಹಡಿಗಳು ಬಾಗುವುದೇ ಕಡಿಮೆ, ಬಾಗುವ ಕೆಲಸವೆಲ್ಲ ಖಾಲಿ ಅಂತಸ್ತಿನ ಕಾಲಂಗಳ ಮೇಲೆ ಬೀಳುತ್ತದೆ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಕುಸಿದ ಎಷ್ಟೋ ಕಟ್ಟಡಗಳು ಇಂಥವೇ. ಗೋಡೆ ಇದೆಯೋ ಇಲ್ಲವೋ ಎಂಬುದೇ ಈ ವಿಧಾನಕ್ಕೆ ಗೊತ್ತಾಗುವುದಿಲ್ಲ.

ಮೊದಲ ಎರಡು ಪುಟಗಳ ಇತಿಹಾಸವನ್ನು ಅರ್ಧ ಪುಟಕ್ಕೆ ಇಳಿಸಿ. ಲೆಕ್ಕವನ್ನು 60ರಿಂದ ಮತ್ತೆ ಶುರು ಮಾಡಿ. ಕೊನೆಯಲ್ಲಿ ಬುಡದ ಮೊಮೆಂಟ್ ಪರೀಕ್ಷೆಯನ್ನು ಪೂರ್ತಿ ಬಿಡಿಸಿ ತೋರಿಸಿ. ನಿಮ್ಮ ಹಳೆಯ 216 ಅನ್ನು ಅಳಿಸಬೇಡಿ, ಅದರ ಪಕ್ಕದಲ್ಲೇ ಇಡಿ. ಆ 96 ಎಲ್ಲಿಂದ ಬಂತು ಎಂದು ಓದುವ ಹುಡುಗರೇ ಹುಡುಕಲಿ. ಗಟ್ಟಿ ಬುಡ, ಕೀಲಿನ ಬುಡ ಎರಡರ ಮೊಮೆಂಟ್ ಚಿತ್ರಗಳನ್ನೂ ಒಂದೇ ಪುಟದಲ್ಲಿ ಬರೆದು ಕಳಿಸಿ. ನಾನೇ ಓದುತ್ತೇನೆ.