ಸಿನಾಪ್ಸಿಸ್‌ನಲ್ಲಿ ಉದ್ದೇಶ ಮತ್ತು ಪ್ರಾಕ್ಕಲ್ಪನೆಗಳ ಹೊಂದಾಣಿಕೆ

ಪ್ರಶ್ನೆ: ಪಿಎಚ್.ಡಿ. ನೋಂದಣಿಗೆ ಬರೆದ ಸಿನಾಪ್ಸಿಸ್‌ನಲ್ಲಿ ಉದ್ದೇಶಗಳಿಗೂ ಪ್ರಾಕ್ಕಲ್ಪನೆಗಳಿಗೂ ಹೊಂದಾಣಿಕೆಯಿಲ್ಲ ಎಂದು ಮಾರ್ಗದರ್ಶಕರು ಹೇಳಿದ್ದಾರೆ. ಹೇಗೆ ಸರಿಪಡಿಸಲಿ?

ಉತ್ತರ: ಪ್ರತಿಯೊಂದು ಉದ್ದೇಶದ ಮುಂದೆ ಅದರ ಪ್ರಾಕ್ಕಲ್ಪನೆ, ಬೇಕಾದ ದತ್ತಾಂಶ ಮತ್ತು ವಿಶ್ಲೇಷಣೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ, ಎಲ್ಲಿ ಬರೆಯಲು ತಡವರಿಸುತ್ತೀರೋ ಅಲ್ಲಿಯೇ ದೋಷವಿರುತ್ತದೆ.

‘ಶಿಕ್ಷಕರ ಲಿಖಿತ ಟಿಪ್ಪಣಿ ಗಣಿತ ಕಲಿಕೆಯ ಮೇಲೆ ಬೀರುವ ಪ್ರಭಾವವನ್ನು ಅರಿಯುವುದು’ ಎಂಬ ಉದ್ದೇಶವನ್ನು ತೆಗೆದುಕೊಳ್ಳೋಣ. ಇದರಲ್ಲಿ ಯಾರನ್ನು ಯಾರೊಂದಿಗೆ ಹೋಲಿಸುತ್ತೇವೆ, ಯಾವುದನ್ನು ಅಳೆಯುತ್ತೇವೆ ಎಂಬುದಿಲ್ಲ. ‘ಉತ್ತರಪತ್ರಿಕೆಯಲ್ಲಿ ಟಿಪ್ಪಣಿ ಪಡೆದ ಮತ್ತು ಅಂಕ ಮಾತ್ರ ಪಡೆದ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳ ಬೀಜಗಣಿತದ ಅಂಕಗಳನ್ನು ಹನ್ನೆರಡು ವಾರಗಳ ಬಳಿಕ ಹೋಲಿಸುವುದು’ ಎಂದು ಬರೆದರೆ, ‘ಎರಡೂ ಗುಂಪುಗಳ ಸರಾಸರಿ ಅಂಕಗಳಲ್ಲಿ ವ್ಯತ್ಯಾಸವಿಲ್ಲ’ ಎಂಬ ಶೂನ್ಯ ಪ್ರಾಕ್ಕಲ್ಪನೆ ತಾನಾಗಿಯೇ ಹೊರಡುತ್ತದೆ. ಆದರೆ ‘ಶಿಕ್ಷಕರು ಈಗ ಎಂತಹ ಟಿಪ್ಪಣಿ ಬರೆಯುತ್ತಾರೆಂದು ವಿವರಿಸುವುದು’ ಎಂಬ ಉದ್ದೇಶಕ್ಕೆ ಪ್ರಾಕ್ಕಲ್ಪನೆಯೇ ಬೇಡ. ಸಂಶೋಧನಾ ಪ್ರಶ್ನೆ ಸಾಕು. ಎಣಿಕೆ ಸರಿದೂಗಿಸಲು ಪ್ರಾಕ್ಕಲ್ಪನೆ ಹೆಣೆಯುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ವಿಧಾನವೂ ಇಲ್ಲಿಂದಲೇ ತೀರ್ಮಾನವಾಗುತ್ತದೆ. ಮಧ್ಯಮ ಪ್ರಮಾಣದ ಪರಿಣಾಮವನ್ನು, ಅಂದರೆ ಅರ್ಧ ಮಾನಕ ವಿಚಲನೆಯಷ್ಟು ವ್ಯತ್ಯಾಸವನ್ನು, ಶೇ. 5ರ ಸಾರ್ಥಕತಾ ಮಟ್ಟದಲ್ಲಿ ಶೇ. 80ರ ಸಾಮರ್ಥ್ಯದೊಂದಿಗೆ ಗುರುತಿಸಲು ಗುಂಪಿಗೆ ಸುಮಾರು 64 ವಿದ್ಯಾರ್ಥಿಗಳು ಬೇಕು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಯಾದೃಚ್ಛಿಕವಾಗಿ ಹಂಚಿದಾಗ ಮಾತ್ರ ಈ ಲೆಕ್ಕ ಸರಿ. ಇಡೀ ತರಗತಿಗಳನ್ನೇ ಹಂಚಿದರೆ, ಒಂದೇ ತರಗತಿಯವರ ಅಂಕಗಳು ಪರಸ್ಪರ ಹೋಲುವುದರಿಂದ, ಇನ್ನಷ್ಟು ತರಗತಿಗಳು ಬೇಕಾಗುತ್ತವೆ.

ವೇಳಾಪಟ್ಟಿಯನ್ನು ಶಾಲಾ ವರ್ಷದಿಂದ ಹಿಂದಕ್ಕೆ ಎಣಿಸಿ. ನೈತಿಕ ಸಮಿತಿಯ ಅನುಮತಿ ಮತ್ತು ಪ್ರಶ್ನೆಪತ್ರಿಕೆಯ ಪ್ರಾಯೋಗಿಕ ಪರೀಕ್ಷೆ ಅದರ ಆರಂಭಕ್ಕೆ ಮೊದಲೇ ಮುಗಿಯದಿದ್ದರೆ, ದತ್ತಾಂಶ ಸಂಗ್ರಹ ಒಂದು ವರ್ಷ ಮುಂದೆ ಹೋಗಬಹುದು.