ಎರಡು ಲಕ್ಷ ವ್ಯೂಸ್‌ಗೆ ನಾನೂರು ರೂಪಾಯಿ, ಹದಿನೆಂಟು ಸಾವಿರಕ್ಕೆ ಏಳುನೂರ ಎಪ್ಪತ್ತು

ಪ್ರಶ್ನೆ: ಕೋಲಾರದ ಟೊಮೆಟೊ ಮಾರುಕಟ್ಟೆ ಬಗ್ಗೆ ಯೂಟ್ಯೂಬ್‌ನಲ್ಲಿ ವಿಡಿಯೊ ಹಾಕ್ತೀನಿ. 40 ಸೆಕೆಂಡಿನ ಶಾರ್ಟ್ಸ್‌ಗೆ 2 ಲಕ್ಷ ವ್ಯೂಸ್ ಬಂದು ಸುಮಾರು 400 ರೂಪಾಯಿ ಸಿಕ್ತು. 9 ನಿಮಿಷದ ವಿಡಿಯೊಗೆ ಬರೀ 18 ಸಾವಿರ ವ್ಯೂಸ್, ಅದಕ್ಕೆ 770 ರೂಪಾಯಿ. ಶಾರ್ಟ್ಸ್‌ನಲ್ಲಿ ಸಿನಿಮಾ ಹಾಡು ಹಾಕಿದ್ದಕ್ಕೆ ನನ್ನ ದುಡ್ಡು ಕಟ್ ಆಯ್ತಾ?
— ಶ್ರೀನಿವಾಸಪುರದ ಓದುಗರು

ಉತ್ತರ: ಇಲ್ಲ, ಹಾಡಿಗೆಂದು ನಿಮ್ಮ ಪಾಲಿನಿಂದ ಏನೂ ಕಡಿತವಾಗಿಲ್ಲ. ಎರಡೂ ವಿಡಿಯೊಗಳ ಲೆಕ್ಕದ ದಾರಿಯೇ ಬೇರೆ.

ದೊಡ್ಡ ವಿಡಿಯೊ ಮಂಡಿಯಲ್ಲಿ ಹರಾಜಾಗುವ ನಿಮ್ಮ ಸ್ವಂತ ಬಾಕ್ಸ್ ಇದ್ದಂತೆ. ಆ ವಿಡಿಯೊದ ಮೇಲೆ ಬಿದ್ದ ಜಾಹೀರಾತಿಗೆ ಎಷ್ಟು ದುಡ್ಡು ಬಂತೋ ಅದರಲ್ಲಿ ಶೇ 55 ನಿಮ್ಮದು. 1,400 ರೂಪಾಯಿ ಬಂದಿದ್ದರೆ ನಿಮಗೆ 770. ವಿಡಿಯೊ 8 ನಿಮಿಷ ದಾಟಿರುವುದರಿಂದ ನಡುವೆಯೂ ಜಾಹೀರಾತು ಹಾಕಲು ಅವಕಾಶವಿದೆ. ನಿಮ್ಮದು 9 ನಿಮಿಷ, ಅದೂ ಕೂಡಿಬಂದಿದೆ.

ಶಾರ್ಟ್ಸ್ ಹಾಗಲ್ಲ. ಬೆರಳಿನಿಂದ ಮೇಲೆ ತಳ್ಳುತ್ತಾ ಹೋಗುವಾಗ ಜಾಹೀರಾತು ಬರುವುದು ಎರಡು ಶಾರ್ಟ್ಸ್‌ಗಳ ನಡುವೆ. ಅದು ಯಾರ ವಿಡಿಯೊದ್ದು ಎಂದು ಹೇಳುವಂತಿಲ್ಲ. ಹಾಗಾಗಿ ಡೇರಿಯಲ್ಲಿ ಎಲ್ಲರ ಹಾಲು ಒಂದೇ ಕ್ಯಾನಿಗೆ ಸುರಿದಂತೆ ತಿಂಗಳ ಆ ದುಡ್ಡನ್ನೆಲ್ಲ ಒಂದೇ ಗಂಟಿಗೆ ಹಾಕಿ, ಆಮೇಲೆ ಹಂಚುತ್ತಾರೆ. 2023ರ ಫೆಬ್ರವರಿ 1ರಿಂದ ಇದೇ ಪದ್ಧತಿ. ಆದರೆ ಡೇರಿಯಲ್ಲಿ ಫ್ಯಾಟ್ ನೋಡಿ ರೇಟು ಕೊಡುತ್ತಾರೆ. ಇಲ್ಲಿ ಹದಿನೈದು ಸೆಕೆಂಡಿನ ಶಾರ್ಟ್ಸ್‌ಗೂ ನಲವತ್ತು ಸೆಕೆಂಡಿನದಕ್ಕೂ ಲೆಕ್ಕಕ್ಕೆ ಬರುವ ಒಂದು ವ್ಯೂ ಒಂದೇ ತೂಕ. ಕಷ್ಟಪಟ್ಟು ಮಾಡುವವರಿಗೆ ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ, ಆದರೆ ನಿಯಮ ಹೀಗಿದೆ.

ಈಗ ಹಾಡಿನ ವಿಷಯ. ಅರ್ಥವಾಗಲೆಂದು ಸಣ್ಣ ಅಂಕಿ ಹಿಡಿಯೋಣ, ಇವು ನಿಜವಾದ ಅಂಕಿಗಳಲ್ಲ. ಮಾನಿಟೈಸೇಷನ್ ಆದ, ಅಂದರೆ ಜಾಹೀರಾತು ಹಣದಲ್ಲಿ ಪಾಲು ಸಿಗುವ, ಚಾನೆಲ್‌ಗಳ ಶಾರ್ಟ್ಸ್‌ಗೆ ಒಂದು ತಿಂಗಳಲ್ಲಿ ಭಾರತದಲ್ಲಿ 10 ಲಕ್ಷ ವ್ಯೂಸ್, ಅದಕ್ಕೆ ಸೇರಿದ ಜಾಹೀರಾತು ಹಣ 10,000 ರೂಪಾಯಿ ಎಂದುಕೊಳ್ಳಿ. ಅರ್ಧ ವ್ಯೂಸ್ ಹಾಡಿಲ್ಲದ ಶಾರ್ಟ್ಸ್‌ನವು: ಆ 5,000 ಪೂರ್ತಿ ವಿಡಿಯೊ ಮಾಡಿದವರ ಗಂಟಿಗೆ. ಉಳಿದರ್ಧ ಒಂದು ಹಾಡು ಬಳಸಿದವು: ಅದರಲ್ಲಿ 2,500 ಗಂಟಿಗೆ, 2,500 ಹಾಡಿನ ಹಕ್ಕಿನ ಖರ್ಚಿಗೆ. ಎರಡು ಹಾಡಿದ್ದರೆ ಗಂಟಿಗೆ ಮೂರರಲ್ಲಿ ಒಂದು ಪಾಲು ಮಾತ್ರ. ಹೀಗೆ ಗಂಟಿನಲ್ಲಿ 7,500 ಉಳಿಯಿತು.

ಇಲ್ಲಿ ನಿಮ್ಮ 2 ಲಕ್ಷ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಶುರುವಾದ ತಕ್ಷಣವೇ, ಜನ ಕ್ಷಣದಲ್ಲಿ ದಾಟಿಹೋದರೂ, ಒಂದು ವ್ಯೂ ಎಂದು ತೋರಿಸುತ್ತಾರೆ. ದುಡ್ಡಿಗೆ ಮಾತ್ರ ಹಳೆಯ ಎಣಿಕೆಯೇ, ಅಂದರೆ ನಿಂತು ನೋಡಿದವರದು. ಯೂಟ್ಯೂಬ್ ಸ್ಟುಡಿಯೊದ ಅನಲಿಟಿಕ್ಸ್‌ನಲ್ಲಿ ಅದರ ಹೆಸರು `Engaged views`. ನಿಮಗದು 1,20,000 ಇದ್ದರೆ 10 ಲಕ್ಷದಲ್ಲಿ ಶೇ 12. ಗಂಟಿನ ಶೇ 12 ಅಂದರೆ 900 ರೂಪಾಯಿ, ಅದರಲ್ಲಿ ಶೇ 45 ನಿಮಗೆ: 405.

ಈ ಶೇ 45 ಹಾಡು ಹಾಕಿದವರಿಗೂ ಹಾಕದವರಿಗೂ ಒಂದೇ. ಹಾಡಿನ ಖರ್ಚು ಹಂಚಿಕೆಗೆ ಮೊದಲೇ ಎಲ್ಲರ ಗಂಟಿನಿಂದ ಹೋಗಿರುತ್ತದೆ. ನೀವು ಹಾಡು ತೆಗೆದು ಹಾಕಿದ್ದರೂ ಕೈಗೆ ಬರುತ್ತಿದ್ದದ್ದು ಹೆಚ್ಚುಕಮ್ಮಿ ಇಷ್ಟೇ. ಅದೇ ಹಾಡನ್ನು 9 ನಿಮಿಷದ ವಿಡಿಯೊದಲ್ಲಿ ಬಳಸಿದರೆ ಮಾತ್ರ ಅಪಾಯ: ಹಕ್ಕುದಾರರು ಕ್ಲೇಮ್ ಮಾಡಿದರೆ ಆ ವಿಡಿಯೊದ ದುಡ್ಡು ಅವರಿಗೆ ಹೋಗಬಹುದು.

ಇನ್ನೊಂದು ವಿಷಯ, ಹಂಚಿಕೆ ದೇಶವಾರು. ದುಬೈನಲ್ಲಿ ಕೂತು ನಿಮ್ಮ ಶಾರ್ಟ್ಸ್ ನೋಡಿದ ಕನ್ನಡಿಗರ ವ್ಯೂ ಅಲ್ಲಿನ ಗಂಟಿನಲ್ಲಿ ಪಾಲು ಪಡೆಯುತ್ತದೆ. ಒಂದೇ ಸಂಖ್ಯೆಯ ವ್ಯೂಸ್‌ಗೆ ಎರಡು ತಿಂಗಳಲ್ಲಿ ಬೇರೆ ಬೇರೆ ಮೊತ್ತ ಬರಲು ಇದೂ ಒಂದು ಕಾರಣ.

ಹಾಗಾಗಿ ಮೊದಲು ಆ ಶಾರ್ಟ್ಸ್‌ನ ಎರಡೂ ಎಣಿಕೆ ಪಕ್ಕಪಕ್ಕ ಇಟ್ಟು ನೋಡಿ. ಅಂತರ ತೀರಾ ದೊಡ್ಡದಿದ್ದರೆ ಜನ ಮೊದಲ ಕ್ಷಣದಲ್ಲೇ ದಾಟಿಹೋಗುತ್ತಿದ್ದಾರೆ ಎಂದರ್ಥ. ಮಾರುಕಟ್ಟೆಯ ಗೇಟು ತೋರಿಸುತ್ತಾ ಶುರು ಮಾಡುವ ಬದಲು, ಹರಾಜು ಕೂಗುವವರು ಆ ದಿನದ ರೇಟು ಹೇಳುವ ಜಾಗದಿಂದಲೇ ಶುರು ಮಾಡಿ. ಶಾರ್ಟ್ಸ್ ಎಡಿಟ್ ಮಾಡುವ ಪುಟದಲ್ಲಿ `Related video` ಎಂಬ ಕಡೆ ನಿಮ್ಮ 9 ನಿಮಿಷದ ವಿಡಿಯೊ ಆಯ್ಕೆ ಮಾಡಿ. ನಿಂತು ನೋಡಿದ 1,20,000 ಜನರಲ್ಲಿ ನೂರಕ್ಕೆ ಒಬ್ಬರು ಅದನ್ನು ಒತ್ತಿದರೂ ಅಲ್ಲಿಗೆ 1,200 ವ್ಯೂಸ್ ಸೇರುತ್ತವೆ. ನಿಮ್ಮದೇ ದರದಲ್ಲಿ ಅದು ಸುಮಾರು 50 ರೂಪಾಯಿ.